ದಪ್ಪ ನಮ್ಮ ಮೈಯಲ್ಲ ಕಣ್ರೇ, ಸೊಂಟಕ್ಕೆ ತುರುಕೋ ಬಟ್ಟೆ

ಮೊನ್ನೆ ನಮ್ಮ ಬೀದಿಲಿ ಒಂದು ಗೃಹಪ್ರವೇಶ. ನನ್ನ ಓರಗಿತ್ತಿ ಬರಲ್ಲ ಅಂತ ಕೂತ್ಲು. ಮಂಡಿನೋವಲ್ಲ, ಶುಗರ್ರೂ ಅಲ್ಲ. ಹೋದ್ ಸಲ ಹೊಳೆನರಸೀಪುರದ ಮದುವೇಲಿ ಯಾರೋ ನೆಂಟರು, ನಾಲ್ಕು ಜನರ ಮುಂದೆ, "ನಿಂಗೆ ಈ ವಯಸ್ನಲ್ಲಿ ಅರಿಶಿನ ಬಣ್ಣ ಯಾಕವ್ವ, ಕಪ್ಪೋ ನೀಲಿಯೋ ಉಟ್ರೆ ಮೈ ಒಸಿ ಅಡಗುತ್ತೆ" ಅಂದಿದ್ರಂತೆ. ಅವತ್ತಿಂದ ಇವ್ಳು ಮೂರು ಮದುವೆ, ಒಂದು ನಾಮಕರಣ ತಪ್ಪಿಸವ್ಳೆ. ಹಾಸನಾಂಬೆ ಬಾಗ್ಲು ತೆಗೆದಾಗಲೂ ಹೋಗ್ಲಿಲ್ಲ. ವರ್ಷಕ್ಕೊಂದೇ ಸಲ ತೆಗೆಯೋ ಬಾಗ್ಲು ಅದು.

ಇದು ಅವಳೊಬ್ಬಳ ಕಥೆಯಲ್ಲ ಅಂತ ನಿಮಗೂ ಗೊತ್ತು. ದಪ್ಪ ಇರೋ ಹೆಣ್ಣುಮಕ್ಕಳಿಗೆ ನಮ್ಮ ಕಡೆ ನಾಲ್ಕೇ ಉಪದೇಶ. ಕಪ್ಪು ಉಡು, ಲೂಸಾಗಿ ಹೊಲಿಸ್ಕೋ, ಸೆರಗು ಹೊದ್ಕೋ, ಮೊದ್ಲು ಸಣ್ಣ ಆಗು. ಈ ನಾಲ್ಕೂ ತಪ್ಪು ಅಂತ ನಾನು ಹೇಳ್ತೀನಿ. ಕೊನೇದು ಡಾಕ್ಟ್ರು ಹೇಳಿದ್ರೆ ಕೇಳಣ, ಛತ್ರದಲ್ಲಿ ಊಟಕ್ಕೆ ಕೂತೋರು ಹೇಳಿದ್ರೆ ಕೇಳಬೇಕಾಗಿಲ್ಲ. ಉಳಿದ ಮೂರರ ಬಗ್ಗೆ ಹೇಳ್ತೀನಿ. ಯಾಕಂದ್ರೆ ಕನ್ನಡಿಲಿ ನಾವು ನೋಡಿ ಬೇಜಾರು ಮಾಡ್ಕೊಳ್ಳೋ ದಪ್ಪದಲ್ಲಿ ಒಂದು ದೊಡ್ಡ ಪಾಲು ಮೈಯಲ್ಲ, ಬಟ್ಟೆ. ಅದನ್ನ ತೆಗೀಬೋದು, ಅದೂ ಒಂದೇ ಮಧ್ಯಾಹ್ನದಲ್ಲಿ.

ನಂಬಿಕೆ ಇಲ್ದಿದ್ರೆ ಇವತ್ತು ಸೀರೆ ಬಿಚ್ಚೋ ಮುಂಚೆ ಹೊಟ್ಟೆ ಕೆಳಗೆ ಕೈ ಇಟ್ಟು ಪದರ ಎಣಿಸಿ. ಮೊದ್ಲು ಒಳಲಂಗ, ಅದೂ ಲಾಡಿ ಎಳ್ದು ಸುಕ್ಕಾಗಿರೋದು. ಅದರ ಮೇಲೆ ಸೀರೆಯ ಮೊದಲನೇ ಸುತ್ತು. ಆ ಸುತ್ತಿನ ಮೇಲಂಚು ಒಳಗೆ ಮಡಚಿ ಹೋಗಿರುತ್ತೆ, ಅಲ್ಲಿಗೆ ಇನ್ನೊಂದು ಪದರ. ಅದರ ಮೇಲೆ ನೆರಿಗೆ. ಒಂದೊಂದು ನೆರಿಗೆಗೆ ಎರಡೆರಡು ಪದರ. ಆ ನೆರಿಗೆಯ ಮೇಲ್ಭಾಗವೂ ಒಳಗೆ ಸಿಕ್ಕಿಸಿರೋದ್ರಿಂದ ಅಲ್ಲಿ ಮತ್ತೆ ಅಷ್ಟೇ. ಅದರ ಮೇಲೆ ಸೆರಗಿನ ಸುತ್ತು. ಹೊಕ್ಕುಳ ಹತ್ರ ಇಪ್ಪತ್ತೈದು ಮೂವತ್ತು ಪದರ ಬಟ್ಟೆ ಮಡಗಿ, ಆಮೇಲೆ "ಹೊಟ್ಟೆ ಬಂದ್ಬುಟ್ಟೈತೆ" ಅಂತ ಅಳೋದು ಯಾವ ನ್ಯಾಯ? ಸಣ್ಣಗಿರೋ ಹುಡುಗೀಗೂ ಇಷ್ಟು ಸುತ್ತಿದ್ರೆ ಹೊಟ್ಟೆ ಬರುತ್ತೆ.

ಹಾಗಂತ ಸೀರೆ ಉಡೋದು ಬಿಟ್ಟು ನೈಟಿ ಹಾಕ್ಕೊಂಡು ಮನೇಲಿ ಕೂತ್ಕಳಿ ಅಂತಲ್ಲ. ಆ ಪದರಗಳು ತೆಳ್ಳಗಿರಬೇಕು, ಚಪ್ಪಟೆಯಾಗಿ ಮಲಗಬೇಕು. ಅದು ಎರಡೇ ವಿಷಯದ ಮೇಲೆ ನಿಂತಿದೆ. ಒಂದು ಬಟ್ಟೆ, ಇನ್ನೊಂದು ಕಟಿಂಗು. ಬಣ್ಣದ ಪಾಲು ಇದರಲ್ಲಿ ಬಹಳ ಕಮ್ಮಿ. ಕಪ್ಪು ಬಣ್ಣದ ಗಂಜಿ ಹಾಕಿದ ಕಾಟನ್ ಸೀರೆ ಉಟ್ರೆ ಕಪ್ಪು ಕೊಡೆ ಬಿಚ್ಚಿದ ಹಾಗೆ ಕಾಣುತ್ತೆ, ಅಷ್ಟೇ. ಅದೇ ಜಾಗದಲ್ಲಿ ಅರಿಶಿನ ಬಣ್ಣದ ಮೈಸೂರು ಸಿಲ್ಕ್ ಉಟ್ಟು ನೋಡಿ.

ಮೈಸೂರು ಸಿಲ್ಕ್ ಯಾಕೆ ಮೈಗೆ ಮಲಗುತ್ತೆ ಅಂತ ಸುಮಾರು ಜನಕ್ಕೆ ಗೊತ್ತಿಲ್ಲ, ದುಡ್ಡು ಜಾಸ್ತಿ ಕೊಟ್ಟಿದ್ದಕ್ಕೆ ಅಂದ್ಕೊಂಡವ್ರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಲ್ಲಿ ಶುರುವಾದ ಕಾರ್ಖಾನೆ ಅದು. ಈಗ ಕೆ.ಎಸ್.ಐ.ಸಿ. ನಡೆಸುತ್ತೆ. ಅಲ್ಲಿ ನೇಯೋದು ಕ್ರೇಪ್. ಕ್ರೇಪ್ ಅಂದ್ರೆ ರೇಷ್ಮೆ ನೂಲನ್ನ ನೇಯೋ ಮುಂಚೆ ಜೋರಾಗಿ ಹುರಿ ಮಾಡಿರ್ತಾರೆ. ಒಂದಷ್ಟು ಎಳೆ ಬಲಕ್ಕೆ ಹುರಿ, ಒಂದಷ್ಟು ಎಡಕ್ಕೆ. ರೇಷ್ಮೆ ಎಳೆಗೆ ಹುಳ ಸುತ್ತಿದ ಅಂಟು ಇರುತ್ತಲ್ಲ, ಅದು ನೇಯೋವಾಗ ಹಾಗೇ ಇರುತ್ತೆ. ಬಟ್ಟೆ ನೇಯ್ದ ಮೇಲೆ ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೀತಾರೆ. ಹಸಿ ರೇಷ್ಮೆ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಆ ಅಂಟೇ. ಅದು ಹೋದ ಮೇಲೆ ಎಳೆ ಎಳೆ ನಡುವೆ ಸಡಿಲ ಬರುತ್ತೆ, ಹುರಿ ಬಿಚ್ಚಕ್ಕೆ ನೋಡುತ್ತೆ, ಬಟ್ಟೆ ಮೇಲೆ ಕಾಣದಷ್ಟು ಸಣ್ಣ ಸಣ್ಣ ಸುಕ್ಕು ಏಳುತ್ತೆ. ಬಣ್ಣ ಹಾಕೋದೂ ಆಮೇಲೇ. ಅದಕ್ಕೇ ಮೈಸೂರು ಸಿಲ್ಕು ಜಾಸ್ತಿ ಒಂದೇ ಬಣ್ಣ, ಅಂಚಿಗೊಂದು ಜರಿ. ಆ ಸಡಿಲ, ಆ ಸುಕ್ಕು, ಅದೇ ಗುಟ್ಟು. ಬಟ್ಟೆ ತನ್ನ ತೂಕಕ್ಕೆ ತಾನೇ ಕೆಳಗೆ ಇಳಿಯುತ್ತೆ. ಅಡ್ಡಕ್ಕೆ ನಿಲ್ಲಲ್ಲ.

ಕಂಜೀವರಂ ಬೇರೆ ದಾರಿ. ಅಲ್ಲಿ ನೂಲಿಗೇ ಮೊದ್ಲು ಬಣ್ಣ ಹಾಕಿ, ದಪ್ಪ ನೂಲಲ್ಲಿ ಒತ್ತಾಗಿ ನೇಯ್ತಾರೆ. ಗಟ್ಟಿ ಸೀರೆ, ತಲೆಮಾರು ಬಾಳುತ್ತೆ, ನನ್ನತ್ರನೂ ಎರಡಿವೆ, ಮಾರಲ್ಲ. ಆದ್ರೆ ಹತ್ತಿಂಚು ಜರಿ ಅಂಚಿನ ಆರು ನೆರಿಗೆ ಸೇರಿದ್ರೆ ಹೊಟ್ಟೆ ಮುಂದೆ ಒಂದು ಪುಸ್ತಕ ಮಡಗಿದ ಹಾಗೆ. ದಪ್ಪ ಇರೋರಿಗೆ ಕಂಜೀವರಂ ಬೇಡ್ವೇ ಬೇಡ ಅನ್ನಲ್ಲ ನಾನು. ಸಣ್ಣ ಅಂಚಿಂದು ತಗೊಳ್ಳಿ, ಮೈಯಲ್ಲಿ ಜರಿ ಬುಟ್ಟಾ ಕಮ್ಮಿ ಇರೋದು. ಹಳೇದಾಗಿ ಮೆತ್ತಗಾದ ಅಮ್ಮನ ಸೀರೆ ಇದ್ರೆ ಅದು ಹೊಸದಕ್ಕಿಂತ ಮೇಲು.

ಈಗ ಎಲ್ಲಾ ಮದುವೇಲೂ ಆರ್ಗಾಂಜಾ, ಟಿಶ್ಯೂ ಅಂತ ಬಂದೈತಲ್ಲ, ಅದರ ಸುದ್ದಿ ಹೇಳಲೇಬೇಕು. ನೋಡಕ್ಕೆ ತೆಳು, ಈಕಡೆಯಿಂದ ಆಕಡೆ ಕಾಣುತ್ತೆ. ಅಂಗಡಿಯವ್ರು "ಲೈಟ್ ವೆಯ್ಟ್ ಮೇಡಂ, ನಿಮಗೆ ಚೆನ್ನಾಗಿರುತ್ತೆ" ಅಂತ ತಗಲಾಕ್ತಾರೆ. ತೂಕ ಕಮ್ಮಿ ನಿಜ, ಆದ್ರೆ ಅದರಲ್ಲಿ ಎಳೆಯ ಬಿರುಸು ಹಾಗೇ ಇರುತ್ತೆ. ನೆರಿಗೆ ಹಿಡಿದ್ರೆ ಒಂದರ ಮೇಲೊಂದು ಮಲಗಲ್ಲ, ನಡುವೆ ಗಾಳಿ ತುಂಬ್ಕೊಂಡು ನಿಲ್ಲುತ್ತೆ. ತೂಕ ಬೇರೆ, ಬೀಳೋದು ಬೇರೆ. ನಮಗೆ ಬೇಕಾಗಿರೋದು ಬೀಳೋ ಬಟ್ಟೆ, ಹಗುರ ಬಟ್ಟೆ ಅಲ್ಲ.

ಅಂಗಡೀಲಿ ಪರೀಕ್ಷೆ ಮಾಡಕ್ಕೆ ಒಂದೇ ದಾರಿ. ಕೌಂಟರ್ ಮೇಲೆ ಹಾಸಿ ತೋರಿಸ್ತಾರಲ್ಲ, ಅದ್ರಲ್ಲಿ ಏನೂ ಗೊತ್ತಾಗಲ್ಲ. ಸೀರೆ ಕೈಗೆ ತಗಂಡು, ಸೆರಗಲ್ಲ, ಒಳಗಿನ ಭಾಗದಲ್ಲಿ ಐದು ನೆರಿಗೆ ಹಿಡೀರಿ. ಮೇಲ್ಗಡೆ ಬೆರಳಲ್ಲಿ ಒತ್ತಿ, ಕೆಳಗೆ ಬಿಡಿ. ನೆರಿಗೆ ನೇರ ಇಳಿದ್ರೆ ತಗೊಳ್ಳಿ. ಪೊರಕೆ ಹಾಗೆ ಬುಡ ಅಗಲ ಆದ್ರೆ ವಾಪಸ್ ಮಡಗಿ, ಎಷ್ಟೇ ಚೆಂದ ಇರ್ಲಿ. ಐದು ನೆರಿಗೆ ಬೆರಳ ಸಂದೀಲಿ ಎಷ್ಟು ದಪ್ಪ ಐತೆ ಅಂತಲೂ ಅಲ್ಲೇ ಗೊತ್ತಾಗುತ್ತೆ. ಅಷ್ಟೇ ದಪ್ಪ ನಿಮ್ಮ ಹೊಟ್ಟೆ ಮುಂದೆ ಬರೋದು.

ಮೈಸೂರು ಸಿಲ್ಕಿನ ರೇಟು ನನಗೂ ಗೊತ್ತು, ಎಲ್ಲರಿಗೂ ಆಗಲ್ಲ. ಅದೇ ಕೆಲಸ ಮಾಡೋ ಬೇರೆ ಬಟ್ಟೆ ಇವೆ. ಜಾರ್ಜೆಟ್ಟೂ ಹುರಿ ಮಾಡಿದ ನೂಲಿನದೇ. ದಿನಬಳಕೆಗೆ ಮಲ್ ಕಾಟನ್ ಮೆತ್ತಗೆ ಬೀಳುತ್ತೆ, ಚನ್ನರಾಯಪಟ್ಟಣದ ಬಿಸಿಲಿಗೂ ಆಗುತ್ತೆ. ಪಾಲಿಯೆಸ್ಟರ್ ಜಾರ್ಜೆಟ್ಟಲ್ಲಿ ಒಂದು ತೊಂದ್ರೆ ಐತೆ. ಒಣ ಹವೇಲಿ ಕರೆಂಟ್ ಹಿಡಿದ ಹಾಗೆ ಕಾಲಿಗೆ ಅಂಟುತ್ತೆ, ನಡೆಯುವಾಗ ತೊಡೆ ಮಧ್ಯೆ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಒಳಗೆ ನೈಲಾನ್ ಲಂಗ ಬೇಡ, ಕಾಟನ್ ಲಂಗ ಹಾಕಿ.

ಇನ್ನು ಗಂಜಿ. ನಮ್ಮ ಕಡೆ ಅತ್ತೇರು ಕಾಟನ್ ಸೀರೆಗೆ ಗಂಜಿ ಹಾಕಿ ತಗಡು ಮಾಡಿ ಉಟ್ಟು, ಸರಬರ ಸದ್ದು ಮಾಡ್ಕೊಂಡು ಓಡಾಡಿದ್ರೆ ಅದೇ ಮರ್ಯಾದೆ. ಅವರು ಸಣ್ಣಗಿದ್ರು, ನಡೀತು. ನಲವತ್ತೆಂಟು ಇಂಚು ಸೀಟಿನ ಮೇಲೆ ಗಂಜಿ ಬಟ್ಟೆ ಮೈಯಿಂದ ದೂರ ನಿಂತು ಐವತ್ತೆರಡು ಮಾಡುತ್ತೆ. ಹೊಸ ಕಾಟನ್ ಸೀರೆಗೆ ಮಗ್ಗದಲ್ಲೇ ಗಂಜಿ ಹಾಕಿರ್ತಾರೆ, ಅದನ್ನೂ ತೆಗೀರಿ. ಒಂದು ರಾತ್ರಿ ತಣ್ಣೀರಲ್ಲಿ ಒಂದು ಹಿಡಿ ಉಪ್ಪು ಹಾಕಿ ನೆನೆಸಿ, ಎರಡು ಮೂರು ಸಲ ಒಗೆದ ಮೇಲೆ ಉಡಿ. ಮೊದಲ ದಿನ ಉಟ್ಟ ಸೀರೆಗೂ ಆಮೇಲೆ ಉಟ್ಟ ಸೀರೆಗೂ ಸಂಬಂಧವೇ ಇರಲ್ಲ. ಅಂಗಡಿಯಿಂದ ತಂದ ದಿನ ಕಾಟನ್ ಸೀರೆ ಉಟ್ಟು "ನಂಗೆ ಕಾಟನ್ ಆಗಲ್ಲ" ಅಂತ ಬೀರು ಸೇರಿಸಿದೋರು ಎಷ್ಟು ಜನ ಇದೀರ ನಿಮ್ಮಲ್ಲಿ?

ಈಗ ಓರಗಿತ್ತಿ ಲೆಕ್ಕಕ್ಕೆ ಬರ್ತೀನಿ. ಅವಳನ್ನ ಕೂರಿಸ್ಕೊಂಡು ಟೇಪು ಹಿಡಿದೆ. ಎದೆ ನಲವತ್ತಾರು, ಸೊಂಟ ನಲವತ್ತೆರಡು, ಸೀಟು ನಲವತ್ತೆಂಟು, ಎತ್ತರ ಐದಡಿ ಎರಡಿಂಚು. ಸೀರೆ ಐದೂವರೆ ಮೀಟರ್ ಅಂದ್ರೆ 216 ಇಂಚು. ಮೊದಲನೇ ಸುತ್ತಿಗೆ 48 ಇಂಚು ಹೋಯ್ತು. ನೆರಿಗೆ ಆದ ಮೇಲೆ ಎಡಗಡೆಯಿಂದ ಬೆನ್ನು ಸುತ್ತಿ ಬಲಕ್ಕೆ ಬರಕ್ಕೆ 36. ಅಲ್ಲಿಂದ ಎದೆ ಮೇಲೆ ಹಾದು ಎಡ ಹೆಗಲಿಗೆ 30. ಹೆಗಲಿಂದ ಹಿಂದೆ ಸೆರಗು 38. ಒಟ್ಟು 152. ನೆರಿಗೆಗೆ ಉಳಿದಿದ್ದು 64 ಇಂಚು. ಐದಿಂಚು ಅಗಲದ ಒಂದು ನೆರಿಗೆ ಹತ್ತಿಂಚು ಬಟ್ಟೆ ನುಂಗುತ್ತೆ. ಹಾಗಾಗಿ ಆರು ನೆರಿಗೆ.

ಇದೇ ಸೀರೆ ಮೂವತ್ತು ಇಂಚು ಸೊಂಟದ ಅವಳ ಮಗಳು ಉಟ್ರೆ ಒಂಬತ್ತು ನೆರಿಗೆ ಬರುತ್ತೆ. ಅಂದ್ರೆ ದಪ್ಪ ಇರೋರಿಗೆ ಬಟ್ಟೆ ಜಾಸ್ತಿ ಆಗ್ತಿಲ್ಲ, ಕಮ್ಮಿ ಆಗ್ತಿದೆ! ಕಮ್ಮಿ ಆದಾಗ ಏನಾಗುತ್ತೆ ಗೊತ್ತಾ? ಸೀರೆ ಸೀಟಿನ ಮೇಲೆ ಬಿಗಿಯಾಗುತ್ತೆ, ತೊಡೆ ಅಡ್ಡಕ್ಕೆ ಗೆರೆ ಬೀಳುತ್ತೆ, ಹೆಜ್ಜೆ ಹಾಕಕ್ಕೆ ಆಗಲ್ಲ, ಕೂತು ಎದ್ದಾಗ ನೆರಿಗೆ ಕಿತ್ಕೊಂಡು ಬರುತ್ತೆ. ಅದನ್ನ ನೋಡಿ "ಮೈ ದಪ್ಪ" ಅಂತೀವಿ. ಅಡ್ಡ ಗೆರೆ ಕಂಡ್ರೆ ಬಟ್ಟೆ ಸಾಲ್ದು ಅಂತ ಅರ್ಥ. ಉಬ್ಬಿ ನಿಂತ್ರೆ ಬಟ್ಟೆ ಬಿರುಸು ಅಂತ ಅರ್ಥ. ಎರಡೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ಕೊಡಬೇಡಿ.

ಇದಕ್ಕೆ ಔಷಧಿ ಸೀರೆ ಜೊತೆ ಬರೋ ಬ್ಲೌಸ್ ಪೀಸು. ಅದನ್ನ ಕತ್ತರಿಸಬೇಡಿ. ಎಂಬತ್ತು ಸೆಂಟಿಮೀಟರ್ ಅಂದ್ರೆ ಹತ್ರತ್ರ 32 ಇಂಚು. ಅಷ್ಟು ಸೇರಿದ್ರೆ ಓರಗಿತ್ತಿಗೂ ಒಂಬತ್ತು ನೆರಿಗೆ ಬಂತು, ಮಗಳಷ್ಟೇ. ಬ್ಲೌಸಿಗೆ ಬೇರೆ ಬಟ್ಟೆ ತಗೊಳ್ಳಿ, ಹೇಗೂ 46 ಎದೆಗೆ ಎಂಬತ್ತು ಸೆಂಟಿಮೀಟರಲ್ಲಿ ಉದ್ದ ತೋಳು ಹೊಲಿಯೋದು ಟೈಲರಿಗೆ ಕಷ್ಟ, ಅವನು ಕಂಕುಳಲ್ಲಿ ತೇಪೆ ಹಾಕ್ತಾನೆ. ಒಂದು ಮಾತು, ಹೀಗೆ ನೆರಿಗೆ ಜಾಸ್ತಿ ಮಾಡೋದು ಕ್ರೇಪು, ಜಾರ್ಜೆಟ್ಟು, ಮಲ್ ಕಾಟನ್ನಿಗೆ ಮಾತ್ರ. ಕಂಜೀವರಂಗೆ ಒಂಬತ್ತು ನೆರಿಗೆ ಹಿಡೀಬೇಡಿ.

ಸೀರೆಯ ಪನ್ನ, ಅಂದ್ರೆ ಅಗಲ, ಅದರದ್ದೂ ಒಂದು ಕಥೆ. ಇವತ್ತಿನ ಸೀರೆ 45–46 ಇಂಚು ಪನ್ನ. ಐದಡಿ ಎರಡಿಂಚಿನವಳಿಗೆ ಹೊಕ್ಕುಳಿಂದ ನೆಲಕ್ಕೆ 38 ಇಂಚು, ಚಪ್ಪಲಿ ಸೇರಿ. ಉಳಿದ ಎಂಟಿಂಚು ಎಲ್ಲಿ ಹೋಗುತ್ತೆ? ಸೊಂಟದ ಒಳಗೆ, ಸುತ್ತಲೂ. ಸುಮಾರು ಜನ ಅದನ್ನ ಉಂಡೆ ಮಾಡಿ ತುರುಕ್ತಾರೆ. ಸಿಕ್ಕಿಸಿದ ಮೇಲೆ ಲಂಗದ ಒಳಗೆ ಕೈ ಹಾಕಿ, ಅಂಗೈಯಿಂದ ಕೆಳಕ್ಕೆ ಸವರಿ ಆ ಎಂಟಿಂಚನ್ನ ಚಪ್ಪಟೆ ಇಳಿಸಿ, ಸುತ್ತಲೂ. ನೆರಿಗೆ ಸಿಕ್ಕಿಸಿದ ಮೇಲೂ ಅಷ್ಟೇ ಮಾಡಿ. ಒಂದು ನಿಮಿಷದ ಕೆಲಸ. ಆಮೇಲೆ ಲಂಗ ಎಲ್ಲಿ ಕಟ್ತೀರ ಅನ್ನೋದು. ಹೊಟ್ಟೆ ಕೆಳಗೆ ಕಟ್ಟಿದ್ರೆ ಹೊಟ್ಟೆ ಲಾಡಿ ಮೇಲೆ ಬಂದು ಕೂರುತ್ತೆ, ನೆರಿಗೆ ಅದರ ಕೆಳಗಿಂದ ಮುಂದಕ್ಕೆ ಚಾಚುತ್ತೆ. ಹೊಕ್ಕುಳ ಮಟ್ಟಕ್ಕೆ ಕಟ್ಟಿ. ಆಗ ನೆರಿಗೆ ಹೊಟ್ಟೆ ಮೇಲಿಂದಲೇ ಇಳಿಯುತ್ತೆ.

ಈಗ ಲಂಗ. ಇದರ ಮೇಲೆ ನನಗೆ ಇರೋ ಸಿಟ್ಟು ಇನ್ಯಾವುದರ ಮೇಲೂ ಇಲ್ಲ. ಎರಡು ಸಾವಿರದ ಸೀರೆಗೆ, ಸಾವಿರ ರೂಪಾಯಿ ಹೊಲಿಗೆ ಕೊಟ್ಟ ಬ್ಲೌಸಿಗೆ, ಒಳಗೆ ರೆಡಿಮೇಡ್ ಲಂಗ. ಎಕ್ಸೆಲ್ಲೋ ಡಬಲ್ ಎಕ್ಸೆಲ್ಲೋ ಅಂತ ಬರೆದಿರುತ್ತೆ. ರೆಡಿಮೇಡ್ ಲಂಗಕ್ಕೆ ಪಕ್ಕದಲ್ಲಿ ಬರೀ ನಾಲ್ಕು ಬೆರಳು ಸೀಳು. ಅದು ಸೀಟು ದಾಟಿ ಮೇಲೆ ಬರಬೇಕಲ್ಲ, ಅದಕ್ಕೇ ಬಾಯಿ ಅಗಲ ಕತ್ತರಿಸಿರ್ತಾರೆ. ಐವತ್ತೈದು ಇಂಚು ಬಾಯಿಯನ್ನ ಲಾಡಿ ಎಳೆದು ನಲವತ್ತೆರಡು ಮಾಡಿದ್ರೆ ಹದಿಮೂರು ಇಂಚು ಬಟ್ಟೆ ಸುಕ್ಕಾಗಿ ಹೊಟ್ಟೆ ಮೇಲೇ ಕೂರುತ್ತೆ. ಇದು ನೀವು ಸೀರೆಗೆ ಕೈ ಹಾಕೋ ಮುಂಚೆನೇ ಆಗಿಹೋದ ದಪ್ಪ.

ಲಂಗ ಹೊಲಿಸಿ. ಟೈಲರ್ ಹತ್ರ ಹೋಗಿ ಹೀಗೆ ಹೇಳಿ. ಎಂಟು ಕಲಿ ಲಂಗ ಬೇಕು, ಆರಲ್ಲ. ಕಲಿ ಜಾಸ್ತಿ ಆದಷ್ಟೂ ಸೊಂಟದಿಂದ ಸೀಟಿಗೆ ನಿಧಾನಕ್ಕೆ ಅಗಲ ಆಗುತ್ತೆ, ಒಂದೇ ಕಡೆ ಬಟ್ಟೆ ಸೇರಲ್ಲ. ಸೊಂಟದ ಬಾಯಿ ನನ್ನ ಸೊಂಟಕ್ಕಿಂತ ಒಂದೇ ಇಂಚು ಜಾಸ್ತಿ. ಓರಗಿತ್ತಿಗೆ 43. ಎಡಪಕ್ಕದಲ್ಲಿ ಎಂಟಿಂಚು ಸೀಳು ಬಿಡಿ, ಅದರಲ್ಲೇ ಸೀಟು ದಾಟುತ್ತೆ. ಎರಡಿಂಚು ಅಗಲದ ಚಪ್ಪಟೆ ಪಟ್ಟಿ, ಅದಕ್ಕೆ ಎರಡು ದೊಡ್ಡ ಹುಕ್ಕು. ಹುಕ್ಕಿನ ಮೇಲೆ ನಂಬಿಕೆ ಇಲ್ದೋರು ಪಟ್ಟಿ ಒಳಗೆ ಅಗಲದ ಟೇಪ್ ಲಾಡಿ ಹಾಕಿಸಿ, ಹಗ್ಗದ ಥರದ್ದು ಬೇಡ. ಬಟ್ಟೆ ಪಾಪ್ಲಿನ್. ಸ್ಯಾಟಿನ್ ಬೇಡ, ಕ್ರೇಪ್ ಸೀರೆ ಸ್ಯಾಟಿನ್ ಮೇಲೆ ನಿಲ್ಲಲ್ಲ, ಊಟದ ಹೊತ್ತಿಗೆ ಜಾರಿ ಕಾಲಡಿ ಬಂದಿರುತ್ತೆ. ಪಾಪ್ಲಿನ್ ಒಗೆದು ಒಣಗಿಸಿದ ಮೇಲೇ ಹೊಲಿಯಕ್ಕೆ ಕೊಡಿ, ಇಲ್ಲ ಅಂದ್ರೆ ಮೊದಲ ಒಗೆತಕ್ಕೆ ಆ 43 ಇಂಚು 41 ಆಗುತ್ತೆ.

ಹಗ್ಗದ ಲಾಡಿ ವಿಷಯ ಸುಮ್ನೆ ಹೇಳ್ತಿಲ್ಲ. 2024ರಲ್ಲಿ ಬ್ರಿಟನ್ನಿನ ವೈದ್ಯರ ಪತ್ರಿಕೆ ಒಂದರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ಇಬ್ಬರು ವಯಸ್ಸಾದ ಹೆಂಗಸರ ವಿಷಯ ಬಂತು. ಬಿಗಿ ಉಡುಗೆ ದಶಕಗಟ್ಟಲೆ ಸೊಂಟದಲ್ಲಿ ಒಂದೇ ಜಾಗದಲ್ಲಿ ಉಜ್ಜಿ, ವಾಸಿಯಾಗದ ಹುಣ್ಣಾಗಿ, ಚರ್ಮದ ಕ್ಯಾನ್ಸರ್ ಆಗಿತ್ತು. ಎಲ್ಲರಿಗೂ ಹಾಗಾಗುತ್ತೆ ಅಂತಲ್ಲ, ಬಹಳ ಅಪರೂಪ. ಆದ್ರೆ ಲಾಡಿ ಜಾಗ ಕಪ್ಪಾಗಿ ಸಿಪ್ಪೆ ಏಳ್ತಿದ್ರೆ, ಗಾಯ ಆರದೇ ಇದ್ರೆ, ಅರಿಶಿನ ಹಚ್ಚಿ ಸುಮ್ನಿರಬೇಡಿ, ಆಸ್ಪತ್ರೆಗೆ ತೋರಿಸಿ.

ಈಗ ಹೊಸದಾಗಿ ಸ್ಯಾರಿ ಶೇಪರ್ ಅಂತ ಲೈಕ್ರಾ ಲಂಗ ಬಂದಿದೆ. ಹುಡುಗೀರು ಹಾಕ್ತಾರೆ. ಸೊಂಟದಲ್ಲಿ ಸುಕ್ಕಿಲ್ಲ, ಅದು ಅದರ ಒಳ್ಳೇ ಗುಣ. ಗಂಜಿ ಇಲ್ಲದ ಕಾಟನ್ ಸೀರೆಗೆ ಅದು ಸರಿಹೋಗುತ್ತೆ. ಕ್ರೇಪಿಗೆ ಹಾಕಿದ್ರೆ ಮೈಯ ಏರಿಳಿತ ಎಲ್ಲಾ ಹಾಗೇ ಅಚ್ಚೊತ್ತುತ್ತೆ. ಬೀಳೋ ಬಟ್ಟೆಯ ಕಷ್ಟ ಅದೇ, ಕೆಳಗೆ ಏನಿದೆಯೋ ಅದನ್ನ ಬಚ್ಚಿಡಲ್ಲ. ಅದರ ಕೆಳಗೆ ನಯವಾದ, ಸ್ವಲ್ಪ ಗಟ್ಟಿ ಪಾಪ್ಲಿನ್ ಇದ್ರೆ ಮೈಗೂ ಸೀರೆಗೂ ಮಧ್ಯೆ ಒಂದು ಗೋಡೆ. ಜೊತೆಗೆ ನಾವು ಪೂಜೇಲಿ ನೆಲಕ್ಕೆ ಕೂರೋರು, ಮೊಳಕಾಲ ಹತ್ರ ಬಿಗಿ ಇರೋ ಲಂಗದಲ್ಲಿ ಚಕ್ಕಳಮಕ್ಕಳ ಹಾಕಿ ನೋಡಿ, ಗೊತ್ತಾಗುತ್ತೆ.

ಬ್ಲೌಸಿಗೆ ಬಂದ್ರೆ "ಲೂಸಾಗಿ ಹೊಲೀರಿ" ಅನ್ನೋ ಮಾತನ್ನ ಮೊದ್ಲು ಬಿಡಬೇಕು. ನನಗೆ ಒಬ್ಬ ಟೈಲರ್ ಅಳತೆ ತಗೊಳ್ದೇ, ದೂರದಿಂದ ನೋಡಿ, "ಗೊತ್ತಾಯ್ತು ಬಿಡಿ ಅಕ್ಕ, ಫ್ರೀಯಾಗಿ ಹೊಲೀತೀನಿ" ಅಂದ. ಹೊಲಿದ. ಕಂಕುಳ ಸುತ್ತು ಎಷ್ಟು ಇಳಿಸಿದ್ದ ಅಂದ್ರೆ, ಕೈ ಎತ್ತಿದ್ರೆ ಇಡೀ ಬ್ಲೌಸು ಕೈ ಜೊತೆ ಮೇಲಕ್ಕೆ ಬರೋದು, ಇಳಿಸಿದ್ರೆ ಕಂಕುಳಲ್ಲಿ ಒಂದು ಕರ್ಚೀಫಿನಷ್ಟು ಬಟ್ಟೆ ಸುರುಳಿ. ದಪ್ಪ ತೋಳಿನವರಿಗೆ ಕಂಕುಳು ಆಳ ಬೇಕು ಅಂತ ಅವರೆಲ್ಲ ತಿಳ್ಕೊಂಡವ್ರೆ. ಬೇಕಾಗಿರೋದು ಉಲ್ಟಾ. ಕಂಕುಳ ಸುತ್ತು ಮೇಲಿರಬೇಕು, ಮೈಗೆ ಹತ್ರ ಇರಬೇಕು. ಅಗಲ ಆಗಬೇಕಾದ್ದು ತೋಳು. ತೋಳಿನ ದಪ್ಪ ಭಾಗ ಅಳೆಸಿ, ಅದಕ್ಕೆ ಒಂದಿಂಚು ಸೇರಿಸಿ. ಓರಗಿತ್ತಿ ತೋಳು ಹದಿನೈದು, ಬ್ಲೌಸಿನ ತೋಳು ಹದಿನಾರು. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ, ಮೇಲಿನ ಶೆಲ್ಫಿಂದ ಡಬ್ಬ ಇಳಿಸೋ ಹಾಗೆ ಕೈ ಎತ್ತಿ. ಬ್ಲೌಸಿನ ಕೆಳಅಂಚು ಒಂದಿಂಚಿಗಿಂತ ಜಾಸ್ತಿ ಏರಿದ್ರೆ ಕಂಕುಳು ಆಳ ಆಗಿದೆ. ಆಳ ಕತ್ತರಿಸಿದ್ದನ್ನ ಮತ್ತೆ ಮೇಲೆ ತರಕ್ಕೆ ಆಗಲ್ಲ, ಹಾಗಾಗಿ ಕತ್ತರಿ ಹಾಕೋ ಮುಂಚೆನೇ ಹೇಳಬೇಕು.

ಮುಂಭಾಗಕ್ಕೆ ಪ್ರಿನ್ಸೆಸ್ ಕಟ್ ಹೇಳಿ. ಮಾಮೂಲಿ ಡಾಟ್ ಬ್ಲೌಸಲ್ಲಿ ಎದೆ ದೊಡ್ಡದಿದ್ದಷ್ಟೂ ಡಾಟು ದೊಡ್ಡದಾಗಬೇಕು, ಅದರ ತುದಿ ಕೊಂಬಿನ ಥರ ಚೂಪಾಗುತ್ತೆ, ಡಾಟಿನೊಳಗೆ ಮಡಚಿದ ಬಟ್ಟೆ ಲೈನಿಂಗ್ ಸೇರಿ ನಾಲ್ಕು ಪದರ ಆಗುತ್ತೆ. ಪ್ರಿನ್ಸೆಸ್ ಕಟ್ಟಲ್ಲಿ ಆ ಬಟ್ಟೆಯನ್ನ ಕತ್ತರಿಸೇ ತೆಗೆದು, ಮೇಲಿಂದ ಕೆಳಗೆ ಒಂದು ಉದ್ದ ಹೊಲಿಗೆ ಹಾಕ್ತಾರೆ. ಒಳಗೆ ಏನೂ ಉಳಿಯಲ್ಲ. ಪ್ಯಾಡು ಹಾಕಲಾ ಅಂತ ಕೇಳ್ತಾರೆ, ಬೇಡ ಅನ್ನಿ, ನಮಗೆ ಯಾತಕ್ಕದು? ಯಾವ ಬಾಡಿ ಹಾಕ್ಕೊಂಡು ಮದುವೆಗೆ ಹೋಗ್ತೀರೋ ಅದನ್ನೇ ಹಾಕ್ಕೊಂಡು ಅಳತೆ ಕೊಡಿ, ಎರಡಿಂಚು ವ್ಯತ್ಯಾಸ ಬರುತ್ತೆ.

ಉದ್ದ ಹದಿಮೂರಕ್ಕೆ ನಿಲ್ಲಿಸಬೇಡಿ. ಬ್ಲೌಸ್ ಅಂಚು ಮೈ ಮಡಿಕೆಯ ಮೇಲೇ ಕೂತ್ರೆ ಅದನ್ನೇ ಎತ್ತಿ ತೋರಿಸುತ್ತೆ. ಮಡಿಕೆ ದಾಟಿ ಒಂದಿಂಚು ಕೆಳಗಿರಲಿ. ತೋಳಿನದ್ದೂ ಇದೇ ಲೆಕ್ಕ, ದಪ್ಪ ಜಾಗದಲ್ಲಿ ಮುಗೀಬಾರದು, ಮೊಣಕೈಗೆ ಸ್ವಲ್ಪ ಮೇಲೆ ಮುಗಿಯಲಿ. ಬುಗ್ಗೆ ತೋಳು ಯಾರಿಗಿದ್ರೂ ಇರ್ಲಿ, ನಮಗೆ ಬೇಡ. ಬೆನ್ನು ಎಷ್ಟು ತೆಗೆಸ್ಬೇಕು ಅನ್ನೋದು ನಿಮ್ಮಿಷ್ಟ, ಆದ್ರೆ ಬೆನ್ನು ತೀರಾ ಆಳ ಆದ್ರೆ ಹೆಗಲು ಜಾರುತ್ತೆ, ಟೈಲರ್ ಅದನ್ನ ಹಿಡಿಸಕ್ಕೆ ಕೆಳಗಿನ ಪಟ್ಟಿ ಬಿಗಿ ಮಾಡ್ತಾನೆ, ಆ ಬಿಗಿ ಬೆನ್ನಲ್ಲಿ ಎರಡು ಟೈರು ಮಾಡುತ್ತೆ.

ಸೆರಗು ಹೊದ್ಕೋ ಅನ್ನೋರಿಗೆ ಒಂದು ಮಾತು. ಎರಡೂ ಹೆಗಲ ಮೇಲೆ ಸೆರಗು ಹೊದ್ರೆ ಎದೆಯಿಂದ ಸೀಟಿನವರೆಗೆ ಒಂದೇ ಅಗಲದ ಮೂಟೆ ಕಾಣುತ್ತೆ. ಕುತ್ತಿಗೆಯೂ ಕಾಣಲ್ಲ, ಸೊಂಟವೂ ಕಾಣಲ್ಲ. ಎಡ ಹೆಗಲ ಮೇಲೆ ನಾಲ್ಕಿಂಚು ಅಗಲಕ್ಕೆ ನೆರಿಗೆ ಹಿಡಿದು ಪಿನ್ ಹಾಕಿ, ಹೆಗಲ ತುದಿಗಲ್ಲ, ಸ್ವಲ್ಪ ಹಿಂದಕ್ಕೆ. ಕಂಕುಳ ಕೆಳಗೆ ಬಟ್ಟೆ ಉಬ್ಬಿದ್ರೆ ಅದನ್ನ ಬೆನ್ನ ಕಡೆಗೆ ಎಳೆದು ಸೊಂಟಕ್ಕೆ ಸಿಕ್ಕಿಸಿ. ದೇವಸ್ಥಾನದಲ್ಲಿ ಹೊದ್ಕೋಬೇಕು ಅಂದ್ರೆ ಹೊದ್ಕೊಳ್ಳಿ, ಅದು ಭಕ್ತಿ. ಮೈ ಮುಚ್ಚಕ್ಕೆ ಅಂತ ಬೇಡ. ಬೇಲೂರಿಗೆ ಎಲ್ಲರೂ ಹೋಗಿದೀರ. ಚೆನ್ನಕೇಶವನ ಗುಡೀಲಿ ಆ ಶಿಲಾಬಾಲಿಕೆಯರಲ್ಲಿ ಯಾರು ಸಣಕಲು ಹೇಳಿ ನೋಡಣ? ಶಿಲ್ಪಿ ಕಲ್ಲಲ್ಲೂ ಬಟ್ಟೆ ಮೈಗೆ ಮಲಗೋ ಹಾಗೆ ಕೆತ್ತವ್ನೆ, ಮೂಟೆ ಕಟ್ಟಿಲ್ಲ.

ಹೀಗೆ ಹೇಳಿದ್ರೆ "ನೀನು ಮೈ ತೋರಿಸು ಅಂತೀಯಾ" ಅಂತ ಅರಕಲಗೂಡಿನ ನಮ್ಮ ಅತ್ತಿಗೆ ಕೇಳ್ತಾರೆ, ಈಗಲೇ ಗೊತ್ತು. ಅಲ್ಲ ಅತ್ತಿಗೆ. ನಿಮ್ಮ ಅಮ್ಮ ಹದಿನಾರು ಮೊಳದ ಸೀರೆ ಉಡ್ತಿದ್ರಲ್ಲ, ಅವರು ಗುಂಡಗಿದ್ರು, ಯಾವತ್ತಾದ್ರೂ ಸೊಂಟದ ಹತ್ರ ಉಬ್ಬಿದ್ದು ನೋಡಿದೀರಾ? ಲಂಗ ಇರ್ಲಿಲ್ಲ, ಲಾಡಿ ಇರ್ಲಿಲ್ಲ. ಒಗೆದು ಒಗೆದು ಮೆತ್ತಗಾದ ಕೈಮಗ್ಗದ ಸೀರೆ. ಪದರ ಅಷ್ಟೂ ಸುತ್ತಲೂ ಹಂಚಿ ಹೋಗಿರೋದು. ಈ ರೆಡಿಮೇಡ್ ಲಂಗ, ಗಂಜಿ, ಪ್ಯಾಡು ಬ್ಲೌಸು ಇವೆಲ್ಲ ಬಂದ ಮೇಲೆ ನಾವು ದಪ್ಪ ಆದ್ವಿ.

ಓರಗಿತ್ತಿಗೆ ಬೀರುವಲ್ಲಿ ಮದುವೆಯಾದ ಹತ್ತನೇ ವರ್ಷಕ್ಕೆ ಮೈದುನ ಕೊಡಿಸಿದ್ದ ಮೈಸೂರು ಸಿಲ್ಕ್ ಇತ್ತು, ಅರಿಶಿನ ಬಣ್ಣದ್ದೇ. ಪುಣ್ಯಕ್ಕೆ ಬ್ಲೌಸ್ ಪೀಸ್ ಕತ್ತರಿಸಿರ್ಲಿಲ್ಲ. ಎರಡೂವರೆ ಮೀಟರ್ ಪಾಪ್ಲಿನ್ ತಂದು ಎಂಟು ಕಲಿ ಲಂಗ ಹೊಲಿಸಿದ್ವಿ, ಹಸಿರು ಕಾಟನ್ ಸಿಲ್ಕಲ್ಲಿ ಪ್ರಿನ್ಸೆಸ್ ಕಟ್ ಬ್ಲೌಸು. ಒಂಬತ್ತು ನೆರಿಗೆ ಹಿಡಿದು ಉಡಿಸಿ, ಮುಂಚಿನ ಲಂಗದ ಮೇಲೆ ಅದೇ ಸೀರೆ ಉಟ್ಟಾಗಲೂ ಈಗಲೂ ಹೊಟ್ಟೆ ಸುತ್ತ ಸೀರೆ ಮೇಲಿಂದ ಟೇಪು ಹಿಡಿದೆ. ಮುಂಚೆ ಐವತ್ತು. ಈಗ ನಲವತ್ತಾರೂವರೆ. ಒಂದು ತುತ್ತು ಅನ್ನ ಬಿಟ್ಟಿಲ್ಲ ಅವಳು.

ಮುಂದಿನ ವಾರ ಚನ್ನರಾಯಪಟ್ಟಣದಲ್ಲಿ ಅವಳ ತಮ್ಮನ ಮಗಳ ಮದುವೆ ಐತೆ. ಲಂಗದ ಅಳತೆ ಚೀಟಿ ಬೇಕಾದೋರು ನಮ್ಮನೆಗೆ ಬಂದು ಬರ್ಕೊಂಡು ಹೋಗಿ, ಮಧ್ಯಾಹ್ನ ಮೂರರ ಮೇಲೆ ಬನ್ನಿ. ಟೇಪು ನನ್ನತ್ರ ಐತೆ. ಪಾಪ್ಲಿನ್ ಒಗೆದೇ ತನ್ನಿ.